ಗಂಡನ ಹೆಸರು ಹೇಳದ ವಾಡಿಕೆ: ಮನೆಯಿಂದ ನಾಡಕಚೇರಿಯವರೆಗೆ

ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದು, ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂಬ ನಂಬಿಕೆ ದಾವಣಗೆರೆ, ಚಿತ್ರದುರ್ಗ ಸೀಮೆಯ ಹಳ್ಳಿಗಳಿಂದ ಇನ್ನೂ ಪೂರ್ತಿ ಹೋಗಿಲ್ಲ. ಅತ್ತೆ, ಮಾವ, ಭಾವ ಇವರ ಹೆಸರುಗಳಿಗೂ ಇದೇ ಕಟ್ಟು ಅನ್ವಯಿಸುತ್ತದೆ. ಇದರ ಮೂಲ ಕೇಳಿದರೆ ಹಿರಿಯರು ಶಾಸ್ತ್ರದ ಕಡೆ ಕೈ ತೋರಿಸುತ್ತಾರೆ. ಗುರುವಿನ ಹೆಸರನ್ನು ಅವನು ಎದುರಿಗಿಲ್ಲದಾಗಲೂ ಗೌರವಪದವಿಲ್ಲದೆ ಹೇಳಬಾರದೆಂದು ಮನುಸ್ಮೃತಿಯ 2ನೇ ಅಧ್ಯಾಯದಲ್ಲಿದೆ. ಇನ್ನೊಂದು ಪ್ರಚಲಿತ ಶ್ಲೋಕವು ತನ್ನ ಹೆಸರು, ಗುರುವಿನ ಹೆಸರು, ಕಡುಜಿಪುಣನ ಹೆಸರು, ಹಿರಿಯ ಮಗುವಿನ ಹೆಸರು ಮತ್ತು ಹೆಂಡತಿಯ ಹೆಸರನ್ನು ಎತ್ತಬಾರದೆನ್ನುತ್ತದೆ. ಅಂದರೆ ಶ್ಲೋಕದ ಮಾತು ಗಂಡಸಿಗೆ ಹೇಳಿದ್ದು. ಆಚರಣೆಗೆ ಬರುವಷ್ಟರಲ್ಲಿ ಅದರ ಭಾರವೆಲ್ಲ ಸೊಸೆಯ ನಾಲಿಗೆಯ ಮೇಲೆ ಬಿದ್ದಿದೆ.

ಆ ಭಾರ ಎಷ್ಟೆಂಬುದು ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಂಡರೆ ತಿಳಿಯುತ್ತದೆ. ಚಳ್ಳಕೆರೆ ಕಡೆಯ ಮನೆಯೊಂದರಲ್ಲಿ ಮಾವನ ಹೆಸರು ಓಬಯ್ಯ, ಗಂಡನ ಹೆಸರು ತಿಪ್ಪೇಸ್ವಾಮಿ ಎಂದಿಟ್ಟುಕೊಳ್ಳೋಣ. ಸೊಸೆ ಗಂಡನನ್ನು ‘ರೀ’, ‘ಏನ್ರೀ’ ಎಂದು ಕರೆಯುತ್ತಾಳೆ. ಬೇರೆಯವರ ಮುಂದೆ ಅವನು ‘ನಮ್ಮನೆಯವರು’, ‘ಯಜಮಾನ್ರು’ ಅಥವಾ ಬರೀ ‘ಇವ್ರು’. ಮನೆಯ ಹಿಂದಿನ ತಿಪ್ಪೆ ಅವಳ ಬಾಯಲ್ಲಿ ‘ಗೊಬ್ಬರದ ಗುಂಡಿ’ಯಾಗುತ್ತದೆ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ‘ಹಟ್ಟಿ ಸ್ವಾಮಿ’ಯಾಗುತ್ತಾನೆ. ಮಗ ಹುಟ್ಟಿದಾಗ ಅಜ್ಜನ ಹೆಸರಿಡುವುದು ರೂಢಿ. ಅವನಿಗೆ ಓಬಳೇಶ ಎಂದಿಟ್ಟರೆ ಹೆತ್ತ ತಾಯಿಯೇ ಮಗನ ಹೆಸರು ಹಿಡಿದು ಕರೆಯುವಂತಿಲ್ಲ. ‘ಅಪ್ಪಾಜಿ’ ಎಂದೋ ‘ಅಜ್ಜಯ್ಯ’ ಎಂದೋ ಕರೆಯಬೇಕು. ಗಂಡ ಅವಳನ್ನು ‘ಓಬಳೇಶನ ಅವ್ವ’ ಎಂದು ಸಲೀಸಾಗಿ ಕೂಗುತ್ತಾನೆ. ಅವಳಿಗೆ ಮಾತ್ರ ‘ಓಬಳೇಶನ ಅಪ್ಪ’ ಎನ್ನುವ ದಾರಿಯೂ ಮುಚ್ಚಿರುವುದರಿಂದ, ಮಗಳು ಹುಟ್ಟಿ ‘ಗೀತನ ಅಪ್ಪ’ ಎನ್ನುವ ಅನುಕೂಲ ಒದಗುವವರೆಗೆ ‘ಇವ್ರು’ ಎಂಬಲ್ಲೇ ನಿಲ್ಲಬೇಕು.

ಈ ಕಟ್ಟು ಸಡಿಲವಾಗುವ ಸಂದರ್ಭವನ್ನೂ ಸಂಪ್ರದಾಯವೇ ಇಟ್ಟುಕೊಂಡಿದೆ. ಮದುವೆಯಾಗಿ ಬಂದ ಹೆಣ್ಣನ್ನು ನಾದಿನಿಯರು ಬಾಗಿಲಲ್ಲಿ ಅಡ್ಡಗಟ್ಟಿ, ಗಂಡನ ಹೆಸರು ಹೇಳಿದರೆ ಮಾತ್ರ ಒಳಗೆ ಬಿಡುತ್ತೇವೆ ಎನ್ನುತ್ತಾರೆ. ಆಗ ಹೆಸರನ್ನು ಹಾಗೇ ಹೇಳುವುದಲ್ಲ, ಒಡಪು ಕಟ್ಟಿ ಅದರೊಳಗೆ ಹುದುಗಿಸಿ ಹೇಳಬೇಕು: ‘ಹಿತ್ತಲ ಮಲ್ಲಿಗೆ ಮೊಗ್ಗು ಬಿಡಿಸಿ ಕಟ್ಟೇನಿ, ತಿಪ್ಪೇಸ್ವಾಮಿಯವರ ಕೈ ಹಿಡಿದು ಹೊಸಿಲು ಮೆಟ್ಟೇನಿ’ ಎಂಬ ಧಾಟಿಯಲ್ಲಿ. ಈ ಸೊಗಸು ಉಳಿಯಬೇಕೆಂದು ಬಯಸುವವರಲ್ಲಿ ನಾನೂ ಒಬ್ಬ.

ಆದರೆ ಕಚೇರಿಯಲ್ಲಿ ಒಡಪು ನಡೆಯುವುದಿಲ್ಲ. ದೇಶದ ಮೊದಲ ಸಾರ್ವತ್ರಿಕ ಚುನಾವಣೆಯ (1951–52) ಹೊತ್ತಿಗೆ, ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿ ತಮ್ಮ ಹೆಸರು ಹೇಳದ ಸುಮಾರು 28 ಲಕ್ಷ ಮಹಿಳೆಯರು ಮತದಾರರ ಪಟ್ಟಿಯಿಂದಲೇ ಬಿಟ್ಟುಹೋದರು. ಅವರಲ್ಲಿ ಹೆಚ್ಚಿನವರು ಉತ್ತರದ ಪ್ರಾಂತ್ಯಗಳವರು. ನಮ್ಮ ಕಡೆಯ ತೊಡಕು ಬೇರೆ ಬಗೆಯದು. ಇಲ್ಲಿನ ದಾಖಲೆಗಳಲ್ಲಿ ಹೆಣ್ಣಿನ ಹೆಸರು ‘ಗಂಗಮ್ಮ ಕೋಂ ತಿಪ್ಪೇಸ್ವಾಮಿ’ ಎಂದು ಬರುತ್ತದೆ. ತನ್ನ ಹೆಸರು ಹೇಳಲು ಅಡ್ಡಿಯಿಲ್ಲದ ಗಂಗಮ್ಮ ‘ಕೋಂ’ ಎಂಬಲ್ಲಿ ತಡೆಯುತ್ತಾಳೆ. ಪಕ್ಕದಲ್ಲಿರುವ ಮಗನೋ ನೆರೆಯವರೋ ಹೇಳಿದ್ದನ್ನು ಗುಮಾಸ್ತರು ಬರೆದುಕೊಳ್ಳುತ್ತಾರೆ. ಮಗ ಶಾಲೆಯ ದಾಖಲೆಯಲ್ಲಿದ್ದಂತೆ ತಿಪ್ಪೇಸ್ವಾಮಿ ಎನ್ನುತ್ತಾನೆ, ನೆರೆಯವರು ಊರಿನ ರೂಢಿಯಂತೆ ತಿಪ್ಪಯ್ಯ ಎನ್ನುತ್ತಾರೆ. ಪಡಿತರ ಚೀಟಿಯಲ್ಲೊಂದು, ಪಹಣಿಯಲ್ಲೊಂದು ಹೆಸರು ಸೇರಿದ್ದು ಮನೆಯಲ್ಲಿ ವರ್ಷಗಟ್ಟಲೆ ಯಾರ ಗಮನಕ್ಕೂ ಬರುವುದಿಲ್ಲ.

ಗಂಡ ತೀರಿಕೊಂಡಾಗ ಅದು ಮೇಲೇಳುತ್ತದೆ. ಜಮೀನನ್ನು ಪೌತಿ ಖಾತೆ ಮಾಡಿಸಲು ಮರಣ ಪ್ರಮಾಣಪತ್ರದ ಜೊತೆ ನಾಡಕಚೇರಿಯ ವಂಶವೃಕ್ಷ ಬೇಕು. ಮಾವ, ಗಂಡ, ಭಾವ, ಮೈದುನ ಎಂದು ಇಳಿಯುವ ಆ ಪಟ್ಟಿಯಲ್ಲಿ ಜೀವನವಿಡೀ ಆಕೆ ಉಚ್ಚರಿಸದ ಹೆಸರುಗಳೇ ತುಂಬಿವೆ. ಪಹಣಿಯ ತಿಪ್ಪಯ್ಯನೂ ಮರಣಪತ್ರದ ತಿಪ್ಪೇಸ್ವಾಮಿಯೂ ಒಬ್ಬನೇ ಎಂದು ಅಫಿಡವಿಟ್ ಬರೆಸಿ, ಸಾಕ್ಷಿ ಹಾಕಿಸಿ ತೋರಿಸಬೇಕಾದವಳು ಅವಳೇ. ಗೌರವಕ್ಕೆಂದು ಹುಟ್ಟಿದ ವಾಡಿಕೆಯ ಖರ್ಚು, ಅಲೆದಾಟಗಳನ್ನು ಅದನ್ನು ನಿಷ್ಠೆಯಿಂದ ಪಾಲಿಸಿದವಳೇ ಹೊರುವುದು ನ್ಯಾಯವೆನಿಸುವುದಿಲ್ಲ.

ಈಗಿನ ಸೊಸೆಯಂದಿರಲ್ಲಿ ಅನೇಕರು ಇಬ್ಬರೇ ಇದ್ದಾಗ ಗಂಡನ ಹೆಸರು ಹಿಡಿದೇ ಕರೆಯುತ್ತಾರೆ, ಅತ್ತೆ ಬಂದರೆ ‘ರೀ’ಗೆ ಮರಳುತ್ತಾರೆ. ಅವರ ಅತ್ತೆಯಂದಿರ ಮಟ್ಟಿಗೆ, ಗಂಡನ ಹೆಸರು ಹೇಳಿ ಎಂದು ಗುಮಾಸ್ತರು ಒತ್ತಾಯಿಸಿದರೂ, ಬರೆದದ್ದನ್ನು ಓದಿ ಹೇಳಿ ಹೌದೆಂದು ತಲೆಯಾಡಿಸಿಕೊಂಡರೂ ದಾಖಲೆಗಳ ನಡುವಿನ ವ್ಯತ್ಯಾಸ ಸಿಕ್ಕಿಬೀಳುವುದಿಲ್ಲ. ಪಹಣಿ, ಪಡಿತರ ಚೀಟಿ, ಆಧಾರ್ ಮೂರನ್ನೂ ಒಟ್ಟಿಗೆ ಹರಡಿ, ಗಂಡನ ಹೆಸರಿನ ಅಕ್ಷರಗಳನ್ನು ತಾಳೆ ನೋಡಬೇಕು. ಅದನ್ನು ಯಜಮಾನ ಬದುಕಿರುವಾಗಲೇ ಮಾಡಿದರೆ ತಿದ್ದುಪಡಿಗೆ ಅವನೇ ಖುದ್ದಾಗಿ ಸಹಿ ಹಾಕಬಹುದು.