ಸರ್ವಿಂಗ್ ಸೈಜ್ ಎಂಬ ಸಣ್ಣ ಸಾಲು: ಚಿಪ್ಸ್, ಖಾರದ ಪ್ಯಾಕೆಟ್ ಓದುವ ಲೆಕ್ಕ

ಶಿವಮೊಗ್ಗದ ಯಾವ ಅಂಗಡಿಗೆ ಹೋದರೂ ಚಿಪ್ಸ್, ಶೇವು, ಮಿಕ್ಸ್ಚರ್ ಪ್ಯಾಕೆಟ್‌ಗಳು ಸಾಲಾಗಿ ತೂಗುತ್ತಿರುತ್ತವೆ. ಯಾವುದರಲ್ಲಿ ಎಣ್ಣೆ ಕಡಿಮೆ ಎಂದು ತಿಳಿಯಲು ಹಿಂಬದಿಯ ಪೋಷಕಾಂಶದ ಪಟ್ಟಿ ಸಾಕು. ಆದರೆ ಆ ಪಟ್ಟಿಯಲ್ಲಿ ಎರಡು ಬಗೆಯ ಲೆಕ್ಕ ಇರುತ್ತದೆ. ಒಂದು, ನೂರು ಗ್ರಾಂಗೆ ಎಷ್ಟು ಎಂಬುದು. ಇನ್ನೊಂದು, ಒಂದು ಸರ್ವಿಂಗ್‌ನಲ್ಲಿ ದಿನದ ಅಗತ್ಯದ ಶೇಕಡಾ ಎಷ್ಟು ಎಂಬುದು, ಅಂದರೆ ಶೇಕಡಾ ಆರ್‌ಡಿಎ. ಎರಡನೆಯದನ್ನು ನೋಡಿ ಹೋಲಿಸಿದರೆ ಎಡವುತ್ತೇವೆ. ಏಕೆಂದರೆ ಒಂದು ಸರ್ವಿಂಗ್ ಎಂದರೆ ಎಷ್ಟು ಗ್ರಾಂ ಎಂದು ನಿರ್ಧರಿಸುವುದು ತಯಾರಕರೇ.

ಲೆಕ್ಕಕ್ಕೆಂದು ಎರಡು ಪ್ಯಾಕೆಟ್ ಇಟ್ಟುಕೊಳ್ಳೋಣ. ಮೊದಲನೆಯದು ಆಲೂಗಡ್ಡೆ ಚಿಪ್ಸ್: ಸರ್ವಿಂಗ್ ಸೈಜ್ 30 ಗ್ರಾಂ, ನೂರು ಗ್ರಾಂಗೆ ಕೊಬ್ಬು 34 ಗ್ರಾಂ. ಎರಡನೆಯದು ಶೇವು: ಸರ್ವಿಂಗ್ ಸೈಜ್ 15 ಗ್ರಾಂ, ನೂರು ಗ್ರಾಂಗೆ ಕೊಬ್ಬು 38 ಗ್ರಾಂ. ದಿನಕ್ಕೆ 67 ಗ್ರಾಂ ಕೊಬ್ಬು ಎಂಬುದು ನಮ್ಮ ಲೇಬಲ್‌ಗಳ ಅಳತೆಗೋಲು. ಚಿಪ್ಸ್‌ನ ಒಂದು ಸರ್ವಿಂಗ್‌ನಲ್ಲಿ 10.2 ಗ್ರಾಂ ಕೊಬ್ಬು, ಅಂದರೆ ಶೇಕಡಾ 15. ಶೇವಿನ ಒಂದು ಸರ್ವಿಂಗ್‌ನಲ್ಲಿ 5.7 ಗ್ರಾಂ, ಅಂದರೆ ಶೇಕಡಾ 9ರ ಹತ್ತಿರ. ಶೇಕಡಾ ಅಂಕಿಯನ್ನಷ್ಟೇ ನೋಡಿದವರು ಶೇವನ್ನೇ ಕೈಗೆತ್ತಿಕೊಳ್ಳುತ್ತಾರೆ. ಜಿಡ್ಡು ಹೆಚ್ಚಿರುವುದು ಅದರಲ್ಲೇ!

ಮಳೆಗಾಲದ ಸಂಜೆ ಕಾಫಿ ಜೊತೆಗೆ ಯಾರೂ 15 ಗ್ರಾಂ ಶೇವು ತಿಂದು ನಿಲ್ಲಿಸುವುದಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿ: ಖಾಲಿ ಬಟ್ಟಲು ಇಟ್ಟು ಸೊನ್ನೆ ಮಾಡಿ, ನೀವು ದಿನಾ ಹಾಕಿಕೊಳ್ಳುವಷ್ಟನ್ನೇ ಹಾಕಿ. 50 ಗ್ರಾಂ ಬಂತು ಅನ್ನಿ, ಅದರಲ್ಲಿ 19 ಗ್ರಾಂ ಕೊಬ್ಬು. ಟೀ ಚಮಚದಲ್ಲಿ ಅಳೆದರೆ ನಾಲ್ಕು ಚಮಚಕ್ಕಿಂತ ತುಸು ಹೆಚ್ಚೇ ಎಣ್ಣೆ. 150 ಗ್ರಾಂನ ಪ್ಯಾಕೆಟ್ ಇಡೀ ಖಾಲಿಯಾದರೆ 57 ಗ್ರಾಂ, ದಿನದ ಲೆಕ್ಕದ ಶೇಕಡಾ 85. ಲೇಬಲ್ ಇದನ್ನು ಹತ್ತು ಸರ್ವಿಂಗ್ ಎಂದು ಹಂಚಿಬಿಟ್ಟಿರುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ. ಉಬ್ಬಿದ ಪ್ಯಾಕೆಟ್ ನೋಡಿಯೂ ಅಂದಾಜು ಮಾಡಬೇಡಿ, ಚಿಪ್ಸ್ ಪುಡಿಯಾಗದಿರಲಿ ಎಂದು ಅದರಲ್ಲಿ ಸಾಮಾನ್ಯವಾಗಿ ನೈಟ್ರೋಜನ್ ಅನಿಲ ತುಂಬಿರುತ್ತಾರೆ. ನಿವ್ವಳ ತೂಕವನ್ನೇ ನಂಬಿ.

ಹಾಗಾಗಿ ಅಂಗಡಿಯಲ್ಲಿ ನೋಡಬೇಕಾದ್ದು ಒಂದೇ ಸಾಲು, ನೂರು ಗ್ರಾಂಗೆ ಟೋಟಲ್ ಫ್ಯಾಟ್. ಕೆಲವು ಪ್ಯಾಕೆಟ್‌ಗಳಲ್ಲಿ ಸರ್ವಿಂಗ್‌ನ ಗ್ರಾಂ ಅಂಕಿ ಮಾತ್ರ ಎದ್ದು ಕಾಣುತ್ತದೆ. ಆಗ ಆ ಕೊಬ್ಬಿನ ಗ್ರಾಂ ಅನ್ನು ಸರ್ವಿಂಗ್ ಸೈಜಿನಿಂದ ಭಾಗಿಸಿ ನೂರರಿಂದ ಗುಣಿಸಿ. ಕರಿದ ಚಿಪ್ಸ್ ಸಾಮಾನ್ಯವಾಗಿ 30ರ ಮೇಲೆಯೇ ಇರುತ್ತವೆ. ಇದಕ್ಕೆ ಕಾರಣ ಸರಳ. ಆಲೂಗಡ್ಡೆಯಲ್ಲಿ ಬಹುಪಾಲು ನೀರು. ಕರಿಯುವಾಗ ಆ ನೀರು ಆವಿಯಾಗಿ ಹೋಗಿ ಬಿಟ್ಟ ಜಾಗಕ್ಕೆ ಎಣ್ಣೆ ಸೇರುತ್ತದೆ, ಅದರಲ್ಲೂ ಬಾಣಲೆಯಿಂದ ತೆಗೆದು ತಣಿಯುವಾಗ ಮೇಲ್ಮೈಯ ಎಣ್ಣೆ ಒಳಗೆ ಹೀರಿಕೊಳ್ಳುತ್ತದೆ. ಬಿಲ್ಲೆ ತೆಳ್ಳಗಾದಷ್ಟೂ ತೂಕಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು, ಎಣ್ಣೆಯೂ ಹೆಚ್ಚು.

'ಬೇಕ್ಡ್', 'ರೋಸ್ಟೆಡ್' ಎಂದು ಬರೆದದ್ದೆಲ್ಲ ಎಣ್ಣೆ ಇಲ್ಲದ್ದು ಎಂದು ಭಾವಿಸಬೇಡಿ. ಮಸಾಲೆ ಅಂಟಲು ಎಣ್ಣೆ ಸಿಂಪಡಿಸುವುದುಂಟು. ಘಟಕಗಳ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ, ಎಣ್ಣೆ ಎರಡನೆಯ ಸ್ಥಾನದಲ್ಲೇ ಕಂಡರೆ ಪೋಷಕಾಂಶದ ಪಟ್ಟಿಯನ್ನು ಮತ್ತೊಮ್ಮೆ ಓದಿ. 'ಕೊಲೆಸ್ಟ್ರಾಲ್ ಇಲ್ಲ' ಎಂಬ ದೊಡ್ಡಕ್ಷರವಂತೂ ಆಯ್ಕೆಗೆ ಯಾವ ನೆರವೂ ಅಲ್ಲ, ಸಸ್ಯದ ಎಣ್ಣೆಯಲ್ಲಿ ಅದು ಇರುವುದು ನಗಣ್ಯ.

ಶೇಂಗಾ ಮಾತ್ರ ಈ ಲೆಕ್ಕಕ್ಕೆ ಹೊರತು. ಹುರಿದ ಶೇಂಗಾದಲ್ಲೂ ನೂರು ಗ್ರಾಂಗೆ ಸುಮಾರು 45ರಿಂದ 50 ಗ್ರಾಂ ಕೊಬ್ಬು ಬರುತ್ತದೆ, ಅದು ಬೀಜದ್ದೇ ಎಣ್ಣೆ. ಅದನ್ನು ಹೋಲಿಸುವಾಗ ಸ್ಯಾಚುರೇಟೆಡ್ ಫ್ಯಾಟ್ ಸಾಲನ್ನೂ ನೋಡಿ: ಪಾಮೋಲಿನ್‌ನಲ್ಲಿ ಕರಿದ ಚಿಪ್ಸ್‌ಗಿಂತ ಬರಿಯ ಶೇಂಗಾದಲ್ಲಿ ಆ ಅಂಕಿ ಸಾಮಾನ್ಯವಾಗಿ ಕಡಿಮೆ. ನಿಜಕ್ಕೂ ಕಡಿಮೆ ಜಿಡ್ಡಿನದು ಬೇಕಿದ್ದರೆ ಹುರಿಗಡಲೆ, ಎಣ್ಣೆ ಹಾಕದೆ ಹುರಿದ ಅವಲಕ್ಕಿ, ಮಂಡಕ್ಕಿ ಒಳ್ಳೆಯವು.

ಹಲಸಿನಕಾಯಿ ಚಿಪ್ಸ್‌ನ ಕೈತಯಾರಿಕೆಯ ಪೊಟ್ಟಣಗಳಲ್ಲಿ ಎಷ್ಟೋ ಸಲ ಪಟ್ಟಿಯೇ ಇರುವುದಿಲ್ಲ. ಟಿಶ್ಯೂ ಕಾಗದದ ಮೇಲೆ ನಾಲ್ಕು ಚೂರಿಟ್ಟು ಒತ್ತಿ ನೋಡಿದರೆ ಮೇಲ್ಮೈಯ ಜಿಡ್ಡು ತಿಳಿಯುತ್ತದೆ, ಒಳಗೆ ಹೀರಿಕೊಂಡದ್ದು ತಿಳಿಯುವುದಿಲ್ಲ. ಕಾಗದ ಒಣಗಿಯೇ ಉಳಿದರೂ ಎಣ್ಣೆ ಕಡಿಮೆ ಎನ್ನಲು ಆಗದು. ಪೊಟ್ಟಣದ ತಳದಲ್ಲಿ ಎಣ್ಣೆ ಇಳಿದು ನಿಂತಿದ್ದರೆ ಮಾತ್ರ ಅನುಮಾನವೇ ಬೇಡ, ಅದನ್ನು ಬಿಟ್ಟು ಪಕ್ಕದ್ದನ್ನು ತೆಗೆದುಕೊಳ್ಳಿ.