23 ದೊಡ್ಡದೋ, 13 ದೊಡ್ಡದೋ?

ನಮ್ಮ ಪರಿಚಯದ ನಿವೃತ್ತ ಗಣಿತದ ಮೇಷ್ಟ್ರೊಬ್ಬರಿಗೆ 68 ವರ್ಷ. ಸಿಗರೇಟು ಬಿಟ್ಟು ಎಷ್ಟೋ ಕಾಲವಾದರೂ ಶ್ವಾಸಕೋಶ ಹಾಳಾಗಿದ್ದು ಹಾಳಾಗಿಯೇ ಇದೆ. ಎಂಟು ತಿಂಗಳ ಹಿಂದೆ ನ್ಯುಮೋನಿಯ ತರುವ ನ್ಯುಮೊಕಾಕಸ್ ಬ್ಯಾಕ್ಟೀರಿಯದ ವಿರುದ್ಧದ ಲಸಿಕೆಗೆ ಹೋದಾಗ, ಒಂದರಲ್ಲಿ 23 ತಳಿ, ಇನ್ನೊಂದರಲ್ಲಿ 13 ತಳಿ ಎಂದು ಕೇಳಿ, "23ರದ್ದೇ ಕೊಡಿ" ಅಂದಿದ್ದರಂತೆ. ಈ ಲೆಕ್ಕ ಬಹಳ ಜನರದ್ದು. ಆದರೆ ಇಲ್ಲಿ ನೋಡಬೇಕಾದ್ದು ಸಂಖ್ಯೆಯನ್ನಲ್ಲ, ಲಸಿಕೆಯೊಳಗಿನ ಸಕ್ಕರೆಯನ್ನು ಯಾವುದಕ್ಕೆ ಕಟ್ಟಿದ್ದಾರೆ ಎಂಬುದನ್ನು.

ನ್ಯುಮೊಕಾಕಸ್ ಬ್ಯಾಕ್ಟೀರಿಯ ಸಕ್ಕರೆ ಸರಪಳಿಗಳ ಕವಚ ಹೊದ್ದಿರುತ್ತದೆ. ಭಕ್ಷಕ ಕೋಶಗಳ ಹಿಡಿತಕ್ಕೆ ಸಿಗದೆ ಅದು ಜಾರುವುದು ಈ ಕವಚದಿಂದಲೇ. ಕವಚದ ರಚನೆ ಬದಲಾದಂತೆ ತಳಿಯೂ ಬೇರೆ. ಈವರೆಗೆ ನೂರಕ್ಕೂ ಹೆಚ್ಚು ತಳಿಗಳು ಗೊತ್ತಾಗಿವೆ. 23ರ ಲಸಿಕೆಯಲ್ಲಿರುವುದು ಇಂಥ 23 ಕವಚಗಳ ಬರೀ ಸಕ್ಕರೆ. ಅದನ್ನು ಕಂಡ, ನಮ್ಮ ರೋಗನಿರೋಧಕ ವ್ಯವಸ್ಥೆಯ ಬಿ ಕೋಶಗಳು ಪ್ರತಿಕಾಯಗಳನ್ನೇನೋ ಮಾಡುತ್ತವೆ, ಆದರೆ ನೆನಪು ಉಳಿಸಿಕೊಳ್ಳುವುದಿಲ್ಲ. ನೆನಪಿಗೆ ಅದೇ ವ್ಯವಸ್ಥೆಯ ಟಿ ಕೋಶದ ಒಪ್ಪಿಗೆ ಬೇಕು, ಟಿ ಕೋಶಕ್ಕೆ ಓದಲು ಬರುವುದು ಪ್ರೋಟೀನಿನ ಲಿಪಿ ಮಾತ್ರ. ಸಕ್ಕರೆ ಅದರ ಕಣ್ಣಿಗೆ ಖಾಲಿ ಹಾಳೆ.

ಹಾಗಾದರೆ ಸಕ್ಕರೆಗೆ ಒಂದು ಪ್ರೋಟೀನನ್ನು ಗಂಟು ಹಾಕಿದರೆ? ಗಾಡಿಗೆ ಎತ್ತು ಕಟ್ಟಿದಂತೆ. ಬಿ ಕೋಶ ಸಕ್ಕರೆಯನ್ನು ಗುರುತು ಹಿಡಿದು ಇಡೀ ಗಂಟನ್ನು ನುಂಗುತ್ತದೆ. ಒಳಗೆ ಪ್ರೋಟೀನನ್ನು ಚೂರು ಮಾಡಿ ತನ್ನ ಮೈಮೇಲೆ ತೋರಿಸುತ್ತದೆ. ಟಿ ಕೋಶ ಆ ಚೂರನ್ನು ಓದಿ ರುಜು ಹಾಕುತ್ತದೆ. ರುಜು ಬಿದ್ದದ್ದು ಪ್ರೋಟೀನಿಗೆ, ನೆನಪು ಉಳಿದದ್ದು ಸಕ್ಕರೆಯದ್ದು! ನನಗೆ ಇದಕ್ಕಿಂತ ಚೆಂದದ ಉಪಾಯ ಲಸಿಕೆಗಳ ಚರಿತ್ರೆಯಲ್ಲೇ ಕಾಣುವುದಿಲ್ಲ. ಆವರಿ ಮತ್ತು ಗೋಬಲ್ ಎಂಬ ವಿಜ್ಞಾನಿಗಳು 1931ರಲ್ಲೇ ನ್ಯುಮೊಕಾಕಸ್ ಸಕ್ಕರೆಯನ್ನು ಕುದುರೆಯ ರಕ್ತದ ಪ್ರೋಟೀನಿಗೆ ಕಟ್ಟಿ ಮೊಲಗಳಲ್ಲಿ ಇದನ್ನು ತೋರಿಸಿದ್ದರು. ಮಕ್ಕಳಿಗೆಂದು ಇಂಥ ಏಳು ತಳಿಗಳ ಲಸಿಕೆ ಅಮೆರಿಕದಲ್ಲಿ ಮಂಜೂರಾಗುವ ಹೊತ್ತಿಗೆ 2000ನೇ ಇಸವಿ. 13ರದ್ದು, ಈಚಿನ 20, 21ರದ್ದು ಎಲ್ಲವೂ ಈ ಜಾತಿಯವೇ, ಸಂಯೋಜಿತ ಲಸಿಕೆಗಳು.

ಎರಡು ವರ್ಷದೊಳಗಿನ ಮಕ್ಕಳಲ್ಲಿ ಬರೀ ಸಕ್ಕರೆಗೆ ಉತ್ತರ ಕೊಡುವ ಬಿ ಕೋಶಗಳು ಇನ್ನೂ ಬಲಿತಿರುವುದಿಲ್ಲ. ಅವರಿಗೆ 23ರದ್ದು ಕೊಟ್ಟೂ ಪ್ರಯೋಜನವಿಲ್ಲ. ಈ ಬ್ಯಾಕ್ಟೀರಿಯ ಹೆಚ್ಚಾಗಿ ಮನೆ ಮಾಡಿಕೊಂಡಿರುವುದೋ ಮಕ್ಕಳ ಮೂಗಿನ ಹಿಂಭಾಗದಲ್ಲೇ. ಸಂಯೋಜಿತ ಲಸಿಕೆ ಅಲ್ಲಿಂದಲೂ ಅದನ್ನು ಕಡಿಮೆ ಮಾಡುತ್ತದೆ. ಹೀಗಾಗಿ ಮೊಮ್ಮಗುವಿಗೆ ಹಾಕಿದ ಲಸಿಕೆ ಅಜ್ಜಿಯನ್ನೂ ಕಾಯುತ್ತದೆ. ಮಕ್ಕಳಿಗೆ ಯಾವಾಗ ಎಷ್ಟು ಡೋಸ್ ಎಂದು ಆರಿಸುವಾಗ ಇದನ್ನೂ ತೂಗಬೇಕು. ವಿಶ್ವ ಆರೋಗ್ಯ ಸಂಸ್ಥೆ ಎರಡು ದಾರಿ ಕೊಡುತ್ತದೆ: ಮೊದಲ ತಿಂಗಳುಗಳಲ್ಲೇ ಮೂರು ಡೋಸ್, ಇಲ್ಲವೇ ಆಗ ಎರಡು ಹಾಕಿ, ಮಗುವಿಗೆ ಒಂಬತ್ತು ತಿಂಗಳು ತುಂಬಿದ ಮೇಲೆ ಇನ್ನೊಂದು. ಎಳೆಗೂಸುಗಳೇ ಹೆಚ್ಚು ಸಾಯುವ ಕಡೆ ಮೊದಲನೆಯದಕ್ಕೆ ಅರ್ಥವಿದೆ. ತಡವಾಗಿ ಬೀಳುವ ಡೋಸ್ ರಕ್ಷಣೆಯನ್ನು ಎರಡನೇ ವರ್ಷಕ್ಕೂ ಎಳೆಯುತ್ತದೆ. ಬ್ರಿಟನ್ನಿನಲ್ಲಿ ಲಸಿಕೆಯ ತಳಿಗಳ ಓಡಾಟವೇ ವಿರಳವಾದ ಮೇಲೆ, 2020ರಲ್ಲಿ ಮಗುವಿಗೆ ಮೂರು ತಿಂಗಳಾದಾಗ ಒಂದು, ವರ್ಷ ತುಂಬಿದಾಗ ಒಂದು ಎಂದು ಎರಡೇ ಡೋಸಿಗೆ ಇಳಿಸಿದರು.

ಈಗ ಮೇಷ್ಟ್ರ ವಿಷಯ. ಅವರಿಗೆ 20ರ ಸಂಯೋಜಿತ ಲಸಿಕೆ ಬೇಕು, ಆದರೆ ಇವತ್ತೇ ಅಲ್ಲ. ಬರೀ ಸಕ್ಕರೆಯ ಲಸಿಕೆ ಬಿದ್ದಾಗ, ಹಿಂದಿನಿಂದ ಉಳಿದಿದ್ದ ನೆನಪಿನ ಕೋಶಗಳು ಪ್ರತಿಕಾಯ ಸುರಿಸುವ ಕೆಲಸಕ್ಕೆ ಇಳಿದು ಖರ್ಚಾಗುತ್ತವೆ, ಹೊಸವು ಹುಟ್ಟುವುದಿಲ್ಲ. ಬಿತ್ತನೆಗೆ ಇಟ್ಟಿದ್ದನ್ನು ಬೇಯಿಸಿ ಉಂಡ ಹಾಗೆ. ಅದರ ಬೆನ್ನಿಗೇ ಸಂಯೋಜಿತ ಲಸಿಕೆ ಹಾಕಿದರೆ ಫಸಲು ಬಡವಾಗುತ್ತದೆ. ಅದಕ್ಕೇ ಕನಿಷ್ಠ ಒಂದು ವರ್ಷದ ಅಂತರ, ಅಂದರೆ ಅವರು ಇನ್ನು ನಾಲ್ಕು ತಿಂಗಳು ಕಾಯಬೇಕು. ಮೊದಲೇ 20ರದ್ದು ಹಾಕಿಸಿಕೊಂಡಿದ್ದರೆ ಒಂದೇ ಸೂಜಿಗೆ ಮುಗಿಯುತ್ತಿತ್ತು. 13ರಿಂದ ಶುರು ಮಾಡಿದ್ದರೆ, 23ರದ್ದು ಅದಾದ ಮೇಲೆ, ಉಳಿದ ತಳಿಗಳಿಗಾಗಿ.

ಫ್ಲೂ ಲಸಿಕೆಗೆ ಮಾತ್ರ ಕಾಯಬೇಕಾಗಿಲ್ಲ. ಅದರ ಗುರಿಯೇ ಪ್ರೋಟೀನ್, ಹಾಗಾಗಿ ಟಿ ಕೋಶದ ತೊಡಕಿಲ್ಲ. ತೊಡಕಿರುವುದು ವೈರಸ್ಸು ಆ ಪ್ರೋಟೀನನ್ನೇ ವರ್ಷವರ್ಷ ತಿದ್ದಿಕೊಳ್ಳುವುದರಲ್ಲಿ. ಯಾವ ತಳಿ ಹಾಕಬೇಕೆಂದು ಉತ್ತರ ಗೋಳಾರ್ಧಕ್ಕೆ ಫೆಬ್ರುವರಿಯಲ್ಲಿ, ದಕ್ಷಿಣಕ್ಕೆ ಸೆಪ್ಟೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುತ್ತದೆ, ಏಕೆಂದರೆ ತಯಾರಿಸಲು ಆರು ತಿಂಗಳು ಹಿಡಿಯುತ್ತದೆ. ಲಸಿಕೆಯ ಬಲವೂ ತಿಂಗಳುಗಳಲ್ಲಿ ಇಳಿಯುವುದರಿಂದ ಫ್ಲೂ ಕಾಲಕ್ಕೆ ತುಸು ಮುಂಚೆ ಹಾಕಿಸಿಕೊಳ್ಳುವುದು ಸರಿ. ಹೆಚ್ಚು ಲಾಭ ವಯಸ್ಸಾದವರಿಗೆ, ಹೃದಯ, ಶ್ವಾಸಕೋಶ, ಸಕ್ಕರೆ ಕಾಯಿಲೆಯವರಿಗೆ, ಗರ್ಭಿಣಿಯರಿಗೆ. ಆರು ತಿಂಗಳೊಳಗಿನ ಕೂಸಿಗೆ ಫ್ಲೂ ಲಸಿಕೆ ಹಾಕುವಂತಿಲ್ಲ. ತಾಯಿಯ ಪ್ರತಿಕಾಯವೇ ಅದಕ್ಕೆ ಗತಿ. ಚುಚ್ಚುವ ಫ್ಲೂ ಲಸಿಕೆಯಿಂದಲೇ ಫ್ಲೂ ಬರುತ್ತದೆ ಎನ್ನುವವರಿದ್ದಾರೆ. ಅದರಲ್ಲಿ ಜೀವಂತ ವೈರಸ್ಸೇ ಇಲ್ಲ.

ಮೇಷ್ಟ್ರಿಗೆ ಎರಡೂ ಏಕೆ? ಫ್ಲೂ ವೈರಸ್ಸು ಶ್ವಾಸನಾಳದ ಒಳಪದರವನ್ನು ಕೆರೆದು ಹಾಳುಮಾಡಿದ ಜಾಗದಲ್ಲೇ ನ್ಯುಮೊಕಾಕಸ್ ಬೇರೂರುತ್ತದೆ. 1918ರ ಮಹಾಮಾರಿಯಲ್ಲಿ ಸತ್ತವರಲ್ಲಿ ಬಹುಪಾಲು ಜನರನ್ನು ಕೊನೆಗೆ ಕೊಂದದ್ದು ಹೀಗೆ ಹಿಂದೆ ಬಂದ ಬ್ಯಾಕ್ಟೀರಿಯಗಳ ನ್ಯುಮೋನಿಯ. ಫ್ಲೂ ಸೂಜಿ ಈ ವಾರ, 20ರದ್ದು ನಾಲ್ಕು ತಿಂಗಳಿಗೆ ಎಂದು ವೈದ್ಯರು ಹೇಳಿದ್ದನ್ನು ಅವರು ಡೈರಿಯಲ್ಲಿ ತಾರೀಖಿನ ಸಮೇತ ಬರೆದುಕೊಂಡಿದ್ದಾರೆ.