ಸೂಟ್‌ಕೇಸಿನಲ್ಲಿ ಕೋನ್ ಬೇಡ, ಪುಡಿ ಸಾಕು

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನನ್ನ ಹತ್ತಿರ ಮೆಹಂದಿ, ಥ್ರೆಡಿಂಗ್ ಕಲಿಯಲು ಬರುವವರಲ್ಲಿ ಈಗ ಒಂದು ಬಗೆಯ ಹುಡುಗಿಯರು ಜಾಸ್ತಿ. ಮದುವೆ ಗೊತ್ತಾಗಿದೆ, ಹುಡುಗ ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ದುಬೈಯಲ್ಲೋ ಇದ್ದಾನೆ. "ಅಕ್ಕಾ, ಅಲ್ಲಿ ನಮ್ಮ ಕನ್ನಡದವರು, ತುಳುವಿನವರು ತುಂಬಾ ಜನ ಇದ್ದಾರಂತೆ. ಮನೆಮನೆಗೆ ಹೋಗಿ ಥ್ರೆಡಿಂಗ್, ಮೆಹಂದಿ ಮಾಡಿಕೊಡೋಣ ಅಂತ" ಎನ್ನುತ್ತಾರೆ. ಒಳ್ಳೆಯ ಯೋಚನೆಯೇ. ಅಂಗಡಿ ಬಾಡಿಗೆ ಇಲ್ಲ, ಸಾಮಾನೆಲ್ಲ ಒಂದು ಕೈಚೀಲದಲ್ಲಿ ಹಿಡಿಯುತ್ತದೆ. ಸೀಮಂತಕ್ಕೆ ಎಷ್ಟು ಬೇಕು, ವರಮಹಾಲಕ್ಷ್ಮಿಗೆ ಎಷ್ಟು ಸಾಕು ಎಂದು ಗೊತ್ತಿರುವ ಹುಡುಗಿ ಬಾಗಿಲಿಗೇ ಬಂದರೆ ಯಾರಿಗೆ ಬೇಡ?

ಆಮೇಲೆ ಎರಡನೇ ಮಾತು ಬರುತ್ತದೆ. "ಸ್ಟೇಷನ್ ಹತ್ತಿರ ಡಜನ್ ಲೆಕ್ಕದಲ್ಲಿ ಕೋನ್ ಸಿಗುತ್ತದಲ್ಲ ಅಕ್ಕಾ, ಒಂದು ಐದಾರು ಡಜನ್ ಬ್ಯಾಗಿಗೆ ಹಾಕಿಕೊಂಡು ಹೋಗ್ತೇನೆ." ಇಲ್ಲಿಗೆ ನನ್ನ ತಲೆನೋವು ಶುರು.

ಎಷ್ಟು ಸಲ ಹೇಳಿದರೂ ಈ ಒಂದು ವಿಷಯ ಯಾರ ತಲೆಗೂ ಹೋಗುವುದಿಲ್ಲ. ನಿಜವಾದ ಮೆಹಂದಿ ಕೆಡುವ ವಸ್ತು. ಅದು ಎಲೆಯ ಪುಡಿ. ನಿಂಬೆರಸದಲ್ಲಿ ಕಲಸಿಟ್ಟರೆ ಎಲೆಯೊಳಗಿನ ಬಣ್ಣ ನಿಧಾನವಾಗಿ ಹೊರಗೆ ಬರುತ್ತದೆ, ಎರಡು ಮೂರು ದಿನ ಚೆನ್ನಾಗಿರುತ್ತದೆ, ಆಮೇಲೆ ಸಾಯುತ್ತದೆ. ಫ್ರೀಜರಿನಲ್ಲಿಟ್ಟರೆ ಮಾತ್ರ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾದರೆ ಅಂಗಡಿಯ ಕಪಾಟಿನಲ್ಲಿ, ಮುಂಬೈ ಸೆಕೆಯಲ್ಲಿ, ವರ್ಷಗಟ್ಟಲೆ ಬಣ್ಣ ಕೊಡುತ್ತಾ ಕುಳಿತಿರುವ ಕೋನಿನಲ್ಲಿ ಇರುವುದು ಏನು? ಮೆಹಂದಿ ಸ್ವಲ್ಪ ಇರಬಹುದು. ಆದರೆ ಬಣ್ಣ ಕೊಡುತ್ತಿರುವುದು ಬೇರೆ ಯಾವುದೋ ರಾಸಾಯನಿಕ.

ಅದರಲ್ಲೂ ಹತ್ತು ನಿಮಿಷದಲ್ಲಿ ಕಪ್ಪಾಗುವ ಕೋನ್ ಇದೆಯಲ್ಲ, ಅದರಲ್ಲಿ ಹೆಚ್ಚಾಗಿ ಇರುವುದು ತಲೆಗೂದಲಿನ ಡೈಯಲ್ಲಿರುವ ಪಿಪಿಡಿ. ಡೈ ಡಬ್ಬಿಯ ಮೇಲೆ ಪ್ಯಾರಾ-ಫಿನೈಲೀನ್‌ಡಯಮೈನ್ ಎಂದು ಬರೆದಿರುತ್ತದೆ, ಓದಿ ನೋಡಿ. ಕೂದಲಿಗೆ ಹಚ್ಚುವಾಗಲೂ ಯುರೋಪಿನಲ್ಲಿ, ಬ್ರಿಟನ್ನಿನಲ್ಲಿ ಕಲಸಿದ ಮೇಲೆ 2 ಶೇಕಡಕ್ಕಿಂತ ಹೆಚ್ಚು ಇರಬಾರದು. ಚರ್ಮದ ಮೇಲೆ ಚಿತ್ರ ಬರೆಯಲಂತೂ ಅಲ್ಲಿ ಅದಕ್ಕೆ ಅನುಮತಿಯೇ ಇಲ್ಲ.

"ನನಗೆ ಹೋದ ಸಲ ಏನೂ ಆಗಿಲ್ಲ" ಎಂದು ಎಲ್ಲರೂ ಹೇಳುತ್ತಾರೆ. ಮೊದಲ ಸಲ ಏನೂ ಆಗದಿರುವುದೇ ಇದರ ಸ್ವಭಾವ. ಆ ಸಲ ದೇಹ ಆ ವಸ್ತುವನ್ನು ಗುರುತಿಟ್ಟುಕೊಳ್ಳುತ್ತದೆ. ಮುಂದಿನ ಸಲ ಒಂದೆರಡು ದಿನದಲ್ಲಿ ಬಳ್ಳಿಯ ಗೆರೆಗೆ ಸರಿಯಾಗಿ ಕೆಂಪಾಗಿ, ತುರಿಸಿ, ನೀರುಗುಳ್ಳೆ ಏಳಬಹುದು. ಕೆಲವರಿಗೆ ಅದೇ ಆಕಾರದಲ್ಲಿ ಬಿಳಿ ಕಲೆ ಉಳಿಯುತ್ತದೆ. ಒಮ್ಮೆ ಈ ಅಲರ್ಜಿ ಹತ್ತಿತೋ, ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ. ಹದಿನಾರರ ಹುಡುಗಿಗೆ ಕಪ್ಪು ಕೋನ್ ಹಚ್ಚಿದಿರಿ ಅಂದುಕೊಳ್ಳಿ, ನಲವತ್ತಕ್ಕೆ ಅವಳು ಕೂದಲಿಗೆ ಡೈ ಹಚ್ಚಿದ ದಿನ ಮುಖ ಊದಿಕೊಳ್ಳಬಹುದು. ಇನ್ನು ನಮ್ಮ ಚಿಕ್ಕಮ್ಮ, ದೊಡ್ಡಮ್ಮಂದಿರು ಇಪ್ಪತ್ತು ವರ್ಷದಿಂದ ತಿಂಗಳಿಗೊಮ್ಮೆ ಡೈ ಹಚ್ಚುತ್ತಿರುವವರು. ಅವರಲ್ಲಿ ಯಾರ ದೇಹ ಆಗಲೇ ಗುರುತಿಟ್ಟುಕೊಂಡಿದೆ ಎಂದು ನೋಡಿ ಹೇಳಲು ಆಗುವುದಿಲ್ಲ.

ಗುರುತಿಸುವುದು ಕಷ್ಟವಲ್ಲ. ನಿಜವಾದ ಮೆಹಂದಿ ಹಸಿರುಗಂದು ಬಣ್ಣದ್ದು, ಒಣ ಎಲೆಯ ವಾಸನೆ ಬರುತ್ತದೆ. ಕಿತ್ತಾಗ ಕೈ ಕಿತ್ತಳೆ ಬಣ್ಣ ಇರುತ್ತದೆ, ಕಪ್ಪು ಅಲ್ಲ. ಗಾಢವಾಗಲು ಎರಡು ದಿನ ಬೇಕು. ಕೋನಿನೊಳಗಿನದ್ದೇ ಕಪ್ಪಾಗಿದ್ದರೆ, ಸೀಮೆಎಣ್ಣೆಯ ಅಥವಾ ಡೈಯ ವಾಸನೆ ಹೊಡೆದರೆ, ಒಂದು ಗಂಟೆಯೊಳಗೆ ಕಡುಬಣ್ಣ ಬಂದರೆ, ಒಳಗೆ ಏನಿದೆ ಎಂದು ಪ್ಯಾಕೆಟ್ ಮೇಲೆ ಬರೆದೇ ಇಲ್ಲದಿದ್ದರೆ ಮುಟ್ಟಬೇಡಿ. "ಕಪ್ಪಲ್ಲ ಅಕ್ಕಾ, ಕೆಂಪು ಕೋನ್" ಎಂಬ ವಾದವೂ ನಡೆಯುವುದಿಲ್ಲ. ಕೆಂಪು ಕೂಡ ಹತ್ತು ನಿಮಿಷದಲ್ಲಿ ಬಂದರೆ ಅದು ಎಲೆಯಿಂದ ಬಂದದ್ದಲ್ಲ.

ಹಾಗಾಗಿ ನಾನು ಪುಡಿ ಒಯ್ಯಿ ಎನ್ನುತ್ತೇನೆ. ರಾಜಸ್ಥಾನದ ಸೋಜತ್ ಕಡೆಯ, ನಯವಾಗಿ ಜರಡಿ ಹಿಡಿದ ಹೊಸ ಬೆಳೆಯ ಪುಡಿ. ಅದನ್ನೂ ಪರೀಕ್ಷೆ ಮಾಡಬೇಕು. ಒಂದು ಚಿಟಿಕೆ ನೀರಿಗೆ ಹಾಕಿದ ಕೂಡಲೇ ನೀರು ಗಿಳಿಹಸಿರು ಆದರೆ ಬಣ್ಣ ಬೆರೆಸಿದ್ದಾರೆ ಎಂದು ಸಂಶಯಪಡಿ. ನನ್ನ ಅಳತೆ ಹೀಗಿದೆ: 100 ಗ್ರಾಂ ಪುಡಿಗೆ 25ರಿಂದ 30 ಗ್ರಾಂ ಸಕ್ಕರೆ, 30 ಮಿಲಿ ಲ್ಯಾವೆಂಡರ್ ಎಣ್ಣೆ, ಮಿಕ್ಕಿದ್ದು ನಿಂಬೆರಸ. ರಸ ಸುಮಾರು 250 ಮಿಲಿ ಹಿಡಿಯುತ್ತದೆ, ಆದರೆ ಪುಡಿಯಿಂದ ಪುಡಿಗೆ ಬದಲಾಗುತ್ತದೆ. ಒಮ್ಮೆಲೇ ಸುರಿಯಬೇಡಿ.

ಇಷ್ಟು ಹೇಳಿ ಕಳಿಸಿದರೆ ಸಾಕು ಎನ್ನುವ ಹಾಗಿಲ್ಲ. ಇಲ್ಲಿಯ ಅಳತೆ ಅಲ್ಲಿ ಕೈಕೊಡುತ್ತದೆ. ಕುಂದಾಪುರ ಕಡೆಯ ಒಬ್ಬ ಶಿಷ್ಯೆ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದಾಳೆ. ಜನವರಿಯಲ್ಲಿ ಅವಳಿಗೆ ಒಂದು ಸೀಮಂತದ ಕೆಲಸ ಬಂತು. ಭಾನುವಾರ ಕಾರ್ಯಕ್ರಮ, ಶನಿವಾರ ಮಧ್ಯಾಹ್ನ ಮೆಹಂದಿ. ಶುಕ್ರವಾರ ರಾತ್ರಿ, ಇಲ್ಲಿ ಕಲಿತ ಹಾಗೆ, ಕಲಸಿ ಮುಚ್ಚಿಟ್ಟಿದ್ದಾಳೆ. ಶನಿವಾರ ಬೆಳಿಗ್ಗೆ ಅಂಗೈಗೆ ಹಚ್ಚಿ ನೋಡಿದರೆ ಬಣ್ಣವೇ ಇಲ್ಲ. ಅಳುತ್ತಾ ನನಗೆ ಫೋನು. "ಅಕ್ಕಾ, ನೀವು ಕೊಟ್ಟ ಪುಡಿ ಹಳೆಯದು!"

ಪುಡಿ ಹಳೆಯದಲ್ಲ ಮಾರಾಯ್ತಿ. ರಾತ್ರಿ ಹೀಟರ್ ಆರಿಸಿದ್ದರಿಂದ ಅಡುಗೆಮನೆ 15 ಡಿಗ್ರಿಗೆ ಇಳಿದಿತ್ತು. ದೋಸೆ ಹಿಟ್ಟಿನ ಹಾಗೆಯೇ ಇದೂ. ಮುಂಬೈಯ ಮೇ ತಿಂಗಳಲ್ಲಿ ಐದಾರು ಗಂಟೆಯಲ್ಲಿ ಬಣ್ಣ ಬಿಡುವ ಪುಡಿ ಆ ಚಳಿಯಲ್ಲಿ ಇಡೀ ದಿನ ಕಳೆದರೂ ಸುಮ್ನೆ ಕೂತಿರುತ್ತದೆ. ಒಲೆಯ ಓವನ್ ಹಚ್ಚಬೇಡ, ಒಳಗಿನ ದೀಪ ಮಾತ್ರ ಹಚ್ಚಿ ಬಟ್ಟಲು ಇಡು ಎಂದೆ. ಗಂಟೆಗೊಮ್ಮೆ ಅಂಗೈಗೆ ಚುಕ್ಕೆ ಇಟ್ಟು, ಐದು ನಿಮಿಷ ಬಿಟ್ಟು ಒರೆಸಿ ನೋಡು ಎಂದೆ. ತಿಳಿ ಕಿತ್ತಳೆ ಗುರುತು ಉಳಿದರೆ ಬಣ್ಣ ಬಿಟ್ಟಿದೆ ಎಂದರ್ಥ. ಮಧ್ಯಾಹ್ನ ದಾಟಿದ ಮೇಲೆ ಆ ಗುರುತು ಬಂತು.

ಅಷ್ಟರಲ್ಲಿ ಆ ಮನೆಯಲ್ಲಿ ಒಬ್ಬರು ಅತ್ತೆ, ಅಂಗಡಿಯ ಕಪ್ಪು ಕೋನ್ ತಂದು ಮೇಜಿನ ಮೇಲೆ ಇಟ್ಟಿದ್ದರಂತೆ. "ತಡ ಆಯ್ತಲ್ಲ, ಇದನ್ನೇ ಹಚ್ಚಮ್ಮಾ." ಬಸುರಿ ಹೆಂಗಸಿಗೆ! ಹುಡುಗಿ ಆಗುವುದಿಲ್ಲ ಎಂದಳು. ಅದಕ್ಕೆ ಅವಳ ಮೇಲೆ ನನಗೆ ಅಭಿಮಾನ. ಇನ್ನೊಂದು ಒಳ್ಳೆಯ ಕೆಲಸವನ್ನೂ ಮಾಡಿದ್ದಳು. ಬಸುರಿಗೆಂದು ಎಣ್ಣೆ ಹಾಕದೆ ಬೇರೆ ಬಟ್ಟಲಿನಲ್ಲಿ ಕಲಸಿದ್ದಳು. ಬಣ್ಣ ಸ್ವಲ್ಪ ತೆಳು ಬರುತ್ತದೆ, ಬರಲಿ. ವೈದ್ಯರನ್ನು ಕೇಳದೆ ಬಸುರಿಯರಿಗೆ ಎಣ್ಣೆ ಬಳಸುವುದು ನನಗೆ ಸರಿ ಕಾಣುವುದಿಲ್ಲ. ಅವರನ್ನು ಒಂದೇ ಸಮ ಕೂರಿಸಲೂ ಬಾರದು. ಅರ್ಧ ಗಂಟೆಗೊಮ್ಮೆ ಏಳಿಸಿ, ಓಡಾಡಿಸಿ.

ಆದರೂ ಎರಡು ತೊಂದರೆ ಆಯಿತು. ಹೀಟರ್ ಹಾಕಿದ ಮನೆಯ ಗಾಳಿ ಒಣಗಿರುತ್ತದೆ. ಮೆಹಂದಿ ಅರ್ಧ ಗಂಟೆಯಲ್ಲೇ ಒಣಗಿ ಚಕ್ಕೆಚಕ್ಕೆಯಾಗಿ ಉದುರಿತು. ಇಲ್ಲಿ ಮಳೆಗಾಲದಲ್ಲಿ ಗಾಳಿಯ ತೇವಕ್ಕೆ ಇಳಿದು ಹರಡುತ್ತದೆ ಎಂದು ನಾವು ಸಕ್ಕರೆ ಕಡಿಮೆ ಹಾಕುತ್ತೇವೆ, ಅವಳೂ ಅದೇ ರೂಢಿಯಲ್ಲಿ ಕಡಿಮೆ ಹಾಕಿದ್ದಳು. ಅಲ್ಲಿ ಚಳಿಗಾಲಕ್ಕೆ ಪೂರ್ತಿ 30 ಗ್ರಾಂ ಬೇಕು. ಸ್ವಲ್ಪ ಒಣಗಿದ ಮೇಲೆ ನಿಂಬೆ ಸಕ್ಕರೆ ನೀರನ್ನು ಹತ್ತಿಯಲ್ಲಿ ತಟ್ಟಿ, ಮೇಲೆ ಪೇಪರ್ ಟೇಪ್ ಸುತ್ತಿ ಐದಾರು ಗಂಟೆ ಬಿಡಬೇಕು. ಎರಡನೆಯದು, ಶನಿವಾರ ಸಂಜೆ ಹಚ್ಚಿದ್ದು ಭಾನುವಾರದ ಫೋಟೋಗೆ ಕಿತ್ತಳೆಯಾಗಿಯೇ ಇತ್ತು. ಸೋಮವಾರ ಚೆನ್ನಾಗಿ ಕೆಂಪಾಯಿತು, ಯಾರಿಗೆ ಬೇಕು! ಕಾರ್ಯಕ್ರಮಕ್ಕೆ ಎರಡು ದಿನ ಮೊದಲು ಹಚ್ಚಿಸಿ ಎಂದು ಬುಕಿಂಗ್ ಹೊತ್ತಿಗೇ ಹೇಳಿಬಿಡಬೇಕು. ಅಂಗೈಯ ಚರ್ಮ ದಪ್ಪ, ಅಲ್ಲಿ ಗಾಢ ಬರುತ್ತದೆ. ಮುಂಗೈಯಲ್ಲಿ ಅಷ್ಟು ಬರುವುದಿಲ್ಲ. ಅದನ್ನೂ ಮೊದಲೇ ಹೇಳಿ, ಆಮೇಲೆ ಹೇಳಿದರೆ ನೆಪ ಅನ್ನಿಸುತ್ತದೆ.

ಈಗ ಅವಳು ತಿಂಗಳಿಗೊಮ್ಮೆ ಬಿಡುವಿದ್ದಾಗ ಕಲಸಿ, ಬಣ್ಣ ಬಿಟ್ಟ ಮೇಲೆ ಕೋನ್ ತುಂಬಿ, ಮೇಲೆ ತಾರೀಕು ಬರೆದು ಫ್ರೀಜರಿಗೆ ಹಾಕುತ್ತಾಳೆ. ಎಣ್ಣೆ ಹಾಕದ್ದನ್ನು ಬೇರೆ ಡಬ್ಬಿಯಲ್ಲಿ ಇಡುತ್ತಾಳೆ. ಕೆಲಸದ ದಿನ ಬೇಕಾದಷ್ಟು ಮಾತ್ರ ತೆಗೆದು, ಕರಗಿದ ಮೇಲೆ ಮತ್ತೊಮ್ಮೆ ಅಂಗೈ ಪರೀಕ್ಷೆ. ಹೊಸಬರಾದರೆ ಒಂದು ದಿನ ಮೊದಲೇ ಮೊಣಕೈಯ ಒಳಬದಿಗೆ ಚುಕ್ಕೆ ಇಡುವುದನ್ನು ಬಿಡುವುದಿಲ್ಲ.

"ಪಾಪುವಿಗೂ ಒಂದು ಚುಕ್ಕೆ ಇಡಮ್ಮಾ" ಎಂದು ಅಜ್ಜಿಯಂದಿರು ಎಳೆಮಗುವಿನ ಕೈ ಮುಂದೆ ಹಿಡಿಯುತ್ತಾರೆ. ಇಡಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಿಗೆ ಶುದ್ಧ ಮೆಹಂದಿಯಿಂದಲೇ ರಕ್ತಕಣ ಒಡೆದು ಕಾಮಾಲೆ ಬರಬಹುದು. ಮಗುವಿಗೆ ಆ ಕೊರತೆ ಇದೆಯೋ ಇಲ್ಲವೋ ಹೆಚ್ಚಿನ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ.

ಥ್ರೆಡಿಂಗ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ನಮ್ಮ ಹುಡುಗಿಯರ ಕೈ ಚುರುಕಾಗಿದೆ. ಆದರೆ ಒಂದೇ ಭೇಟಿಯಲ್ಲಿ ಎರಡೂ ಇದ್ದರೆ ಥ್ರೆಡಿಂಗ್ ಮೊದಲು. ಹುಬ್ಬಿನ ಚರ್ಮ ಎಳೆದು ಹಿಡಿಯಬೇಕಾದದ್ದು ಅವರದೇ ಕೈ, ಅದಕ್ಕೆ ಮೆಹಂದಿ ಹಚ್ಚಿಬಿಟ್ಟರೆ ಹಿಡಿಯುವವರು ಯಾರು? ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ಅಥವಾ ಮುಖಕ್ಕೆ ರೆಟಿನಾಲ್ ಬಳಸುತ್ತಿದ್ದಾರಾ ಎಂದು ಕೇಳಿ. ಬಳಸುವವರ ಚರ್ಮ ದಾರಕ್ಕೆ ಕಿತ್ತು ಬರಬಹುದು.

ಇನ್ನು ಕಾನೂನು. ನಾನು ವಕೀಲೆಯಲ್ಲ, ಹೋದ ಊರಿನಲ್ಲೇ ಕೇಳಿ. ಅಮೆರಿಕದಲ್ಲಿ ಔಷಧ ಮತ್ತು ಆಹಾರದ ಇಲಾಖೆ ಮೆಹಂದಿಗೆ ಅನುಮತಿ ಕೊಟ್ಟಿರುವುದು ಕೂದಲಿಗೆ ಮಾತ್ರ, ಚರ್ಮಕ್ಕಲ್ಲ. ಚರ್ಮಕ್ಕೆ ಎಂದು ಬರೆದ ಕೋನ್ ಗಡಿಯಲ್ಲೇ ತಡೆಹಿಡಿಯಬಹುದು. ಥ್ರೆಡಿಂಗ್ ನಿಯಮ ರಾಜ್ಯಕ್ಕೊಂದು. ಟೆಕ್ಸಾಸ್‌ನಲ್ಲಿ 750 ಗಂಟೆ ತರಬೇತಿ ಕೇಳುತ್ತಿದ್ದರು, 2015ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಥ್ರೆಡಿಂಗ್ ಮಾಡುವವರ ಮಟ್ಟಿಗೆ ತೆಗೆದುಹಾಕಿತು. ಪಕ್ಕದ ರಾಜ್ಯದಲ್ಲೂ ಹಾಗೇ ಅಂದುಕೊಳ್ಳಬೇಡಿ. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಲಸಿದ ಕೋನನ್ನು ಇನ್ನೊಬ್ಬರಿಗೆ ಮಾರಲು ಸುರಕ್ಷತೆಯ ವರದಿ, ನೋಂದಣಿ ಬೇಕು. ವಿಮೆ ಮಾಡಿಸಿ, ಅದರಲ್ಲಿ ಮೆಹಂದಿಯೂ ಸೇರಿದೆಯೇ ಎಂದು ಓದಿ. ಎಲ್ಲಕ್ಕಿಂತ ಮೊದಲು ವೀಸಾ ನೋಡಿ. ಅಮೆರಿಕಕ್ಕೆ ಗಂಡನ ಜೊತೆ ಎಚ್-4 ವೀಸಾದಲ್ಲಿ ಹೋದವರು ಕೆಲಸ ಮಾಡಲು ಪ್ರತ್ಯೇಕ ಪರವಾನಗಿ ಕೈಗೆ ಬರುವವರೆಗೆ ಹಣ ತೆಗೆದುಕೊಂಡು ಒಂದು ಹುಬ್ಬನ್ನೂ ಮುಟ್ಟಬಾರದು. "ನಮ್ಮವರೇ ಅಲ್ವಾ, ಕೈಯಲ್ಲಿ ಕೊಡ್ತಾರೆ" ಎನ್ನುವವರಿಗೆ ನಾನು ಪುಡಿಯನ್ನೂ ಕಟ್ಟಿಕೊಡುವುದಿಲ್ಲ.